ಎಐ ಬರೆದ ಸೀರೆಗೂ ಅಂಗಡಿಯ ಸೀರೆಗೂ ತಾಳೆಯಾಗುವುದಿಲ್ಲವೇಕೆ?

ಇಳಕಲ್ ಸೀರೆಗಳನ್ನು ಅಂಗಡಿಯಲ್ಲಿಯೂ ಆನ್‌ಲೈನ್‌ನಲ್ಲಿಯೂ ಮಾರುವ ಓದುಗರೊಬ್ಬರು ಎರಡು ಚಿತ್ರಗಳನ್ನು ನಮಗೆ ಕಳುಹಿಸಿದ್ದಾರೆ. ಮೊದಲನೆಯದು ಅವರ ಬಳಿ ಇರುವ ಹಸಿರು ಒಡಲಿನ, ಚಿಕ್ಕಿ ಪರಾಸ್ ದಡಿಯ ಸೀರೆಯ ಫೋಟೊ. ಎರಡನೆಯದು ಅದೇ ಸೀರೆಯನ್ನು ಮಾತಿನಲ್ಲಿ ವರ್ಣಿಸಿ ಎಐ ತಂತ್ರಾಂಶದಿಂದ ಬರೆಯಿಸಿದ ಚಿತ್ರ. ಎರಡನೆಯ ಚಿತ್ರವನ್ನು ನೋಡಿ ಸೀರೆ ತರಿಸಿಕೊಂಡ ಗಿರಾಕಿಯೊಬ್ಬರು, 'ಇದು ನಾವು ಕೇಳಿದ್ದಲ್ಲ' ಎಂದು ಹಿಂದಿರುಗಿಸಿದ್ದಾರೆ. ಓದುಗರ ಪ್ರಶ್ನೆಗಳನ್ನೂ ನಮ್ಮ ಉತ್ತರಗಳನ್ನೂ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ದಡಿ, ಸೆರಗು, ಬಣ್ಣ ಎಲ್ಲವನ್ನೂ ಬರೆದು ಕೊಟ್ಟರೂ ಚಿತ್ರದಲ್ಲಿ ಬೇರೆಯದೇ ಸೀರೆ ಬರುತ್ತದೆ. ನಾನು ಬರೆದದ್ದರಲ್ಲಿ ಏನು ತಪ್ಪಿದೆ?

ಉತ್ತರ: ನಿಮ್ಮ ಬರವಣಿಗೆಯಲ್ಲಿ ತಪ್ಪಿಲ್ಲ. ಆದರೆ ತಂತ್ರಾಂಶದ ಮುಂದೆ ನಿಮ್ಮ ಸೀರೆ ಇರಲಿಲ್ಲ, ಸೀರೆಯನ್ನು ಕುರಿತ ಒಂದು ವಾಕ್ಯ ಮಾತ್ರ ಇತ್ತು. ಈ ಬಗೆಯ ತಂತ್ರಾಂಶಗಳನ್ನು ಅಂತರ್ಜಾಲದಿಂದ ಒಟ್ಟುಮಾಡಿದ ಅಪಾರ ಸಂಖ್ಯೆಯ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ಅಡಿಬರಹಗಳನ್ನೂ ತೋರಿಸಿ ತಯಾರಿಸಿರುತ್ತಾರೆ. 'ಸೀರೆ' ಎಂಬ ಪದಕ್ಕೆ ಎಂಥ ಚಿತ್ರ ಹೊಂದುತ್ತದೆ ಎಂಬ ಅಂದಾಜು ಅವುಗಳಿಗೆ ಸಿಗುವುದು ಹೀಗೆ. ನೀವು ಚಿತ್ರ ಕೇಳಿದಾಗ ತಂತ್ರಾಂಶವು ಟಿ.ವಿ. ಪರದೆಯ ಮೇಲಿನ ಇರುವೆಗಳಂತೆ ಕಾಣುವ ಬರೀ ಚುಕ್ಕೆಗಳ ಗದ್ದಲದಿಂದ ಆರಂಭಿಸಿ, ಹಂತಹಂತವಾಗಿ ಗದ್ದಲವನ್ನು ತೆಗೆಯುತ್ತ, ನಿಮ್ಮ ವಾಕ್ಯಕ್ಕೆ ಹೊಂದುವಂತೆ ಕಾಣುವ ಏನೋ ಒಂದನ್ನು ಮೂಡಿಸುತ್ತದೆ. ಆರಂಭದ ಗದ್ದಲ ಪ್ರತಿ ಸಲವೂ ಬೇರೆಯಾಗಿರುವುದರಿಂದ ಒಂದೇ ವಾಕ್ಯಕ್ಕೆ ಹತ್ತು ಸಲ ಹತ್ತು ಸೀರೆಗಳು ಬರುತ್ತವೆ.

ನೀವು ಕಳುಹಿಸಿದ ಚಿತ್ರವನ್ನೇ ನೋಡೋಣ. ಟೋಪ ತೆನಿ ಸೆರಗಿನಲ್ಲಿ ಮೂರು ಕೆಂಪು ಪಟ್ಟಿಗಳಿರುತ್ತವೆ, ಅವುಗಳ ನಡುವೆ ಎರಡು ಬಿಳಿ ಭಾಗಗಳಿರುತ್ತವೆ. ಕೆಂಪು ಮತ್ತು ಬಿಳಿ ಸೇರುವಲ್ಲಿ ಜೋಳದ ತೆನೆಯಂಥ ಸಾಲು ಇರುತ್ತದೆ. ಎಐ ಬರೆದ ಸೆರಗಿನಲ್ಲಿ ಕೆಂಪು ಪಟ್ಟಿಗಳು ಐದಾಗಿವೆ, ತೆನೆಗಳ ಜಾಗದಲ್ಲಿ ಗೋಪುರದಂಥ ಜರಿಯ ತ್ರಿಕೋನಗಳು ಬಂದಿವೆ, ಹತ್ತಿಯ ಒಡಲು ರೇಷ್ಮೆಯಂತೆ ಮಿರುಗುತ್ತಿದೆ. ಅಂದರೆ ತಂತ್ರಾಂಶವು ನಿಮ್ಮ ಸೀರೆಯನ್ನು ತಪ್ಪಾಗಿ ನಕಲು ಮಾಡಿಲ್ಲ, ತಾನು ಹೆಚ್ಚಾಗಿ ಕಂಡ 'ರೇಷ್ಮೆ ಸೀರೆ'ಗಳ ಕಡೆಗೆ ವಾಲಿದೆ. ನಮ್ಮ ಪಾಲಿಗೆ 'ಚಿಕ್ಕಿ ಪರಾಸ್' ಎಂಬ ಎರಡು ಪದಗಳಲ್ಲಿ ಒಂದು ಇಡೀ ದಡಿ ಅಡಗಿದೆ. ಆ ಪದಗಳನ್ನು ಅಪರೂಪಕ್ಕೆ ಕಂಡಿರುವ ತಂತ್ರಾಂಶಕ್ಕೆ ಅವು ಬಹುತೇಕ ಖಾಲಿ ಪದಗಳು. ಎಣಿಕೆಯೂ ಅದಕ್ಕೆ ಒಗ್ಗದ ಕೆಲಸ. 'ಮೂರು ಪಟ್ಟಿ' ಎಂದು ಬರೆದರೆ ಅದು ಪಟ್ಟಿಗಳನ್ನು ಎಣಿಸಿ ಬರೆಯುವುದಿಲ್ಲ, ಪಟ್ಟಿಗಳಿರುವ ಸೆರಗಿನಂತೆ ಕಾಣುವುದನ್ನು ಬರೆಯುತ್ತದೆ.

ಪ್ರಶ್ನೆ: ಹಾಗಾದರೆ ಮಾತಿನ ಬದಲು ಸೀರೆಯ ಫೋಟೊವನ್ನೇ ಕೊಟ್ಟರೆ? ಹಾಗೆಯೂ ಮಾಡಿ ನೋಡಿದೆ. ಹತ್ತಿರ ಬಂತು, ಆದರೆ ದಡಿಯ ಚಿಕ್ಕಿಗಳು ಕಲಸಿಹೋದವು.

ಉತ್ತರ: ಇದಕ್ಕೆ ಕಾರಣ ಚಿತ್ರವನ್ನು ಕುಗ್ಗಿಸುವ ಕ್ರಮದಲ್ಲಿದೆ. 2022ರಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಎಂಬ ತಂತ್ರಾಂಶದ ಲೆಕ್ಕವನ್ನು ತೆಗೆದುಕೊಳ್ಳೋಣ. 512 ಪಿಕ್ಸೆಲ್ ಅಗಲ, 512 ಪಿಕ್ಸೆಲ್ ಎತ್ತರದ ಚಿತ್ರವನ್ನು ಅದು ನೇರವಾಗಿ ಬರೆಯುವುದಿಲ್ಲ. ಚಿತ್ರವನ್ನು ಮೊದಲು 64 ಅಡ್ಡ ಮನೆ, 64 ಉದ್ದ ಮನೆಗಳ ಚೌಕಟ್ಟಿಗೆ ಕುಗ್ಗಿಸಿಕೊಂಡು, ಅಲ್ಲಿ ಕೆಲಸ ಮುಗಿಸಿ, ಮತ್ತೆ ಹಿಗ್ಗಿಸುತ್ತದೆ. ಹೀಗಾಗಿ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಒಂದೊಂದು ತುಣುಕಿಗೂ ಬರೀ ನಾಲ್ಕು ಸಂಖ್ಯೆಗಳು ಉಳಿಯುತ್ತವೆ.

ಇದನ್ನು ಸೀರೆಯ ಮೇಲೆ ಇಟ್ಟು ಅಳೆಯಿರಿ. 45 ಅಂಗುಲ ಅಗಲದ ಸೆರಗನ್ನು ಪೂರ್ತಿ ಹರಡಿ 512 ಪಿಕ್ಸೆಲ್‌ಗಳಲ್ಲಿ ಹಿಡಿದರೆ ಒಂದು ಪಿಕ್ಸೆಲ್ ಬಟ್ಟೆಯ ಮೇಲೆ ಸುಮಾರು 2.2 ಮಿ.ಮೀ. ಆಗುತ್ತದೆ, ಒಂದು ಮನೆ ಸುಮಾರು 18 ಮಿ.ಮೀ. ಆಗುತ್ತದೆ. ನಿಮ್ಮ ದಡಿಯ ಚಿಕ್ಕಿ ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದಾಗಿದ್ದರೆ ಇಡೀ ಚಿಕ್ಕಿ ಒಂದೇ ಮನೆಯೊಳಗೆ ಮುಳುಗಿಹೋಗುತ್ತದೆ. ಹಿಗ್ಗಿಸುವಾಗ ತಂತ್ರಾಂಶವು ಅಲ್ಲಿ ಚಿಕ್ಕಿಯಂಥದ್ದೇನನ್ನೋ ಊಹಿಸಿ ತುಂಬುತ್ತದೆ. ಇತ್ತೀಚಿನ ಕೆಲವು ತಂತ್ರಾಂಶಗಳು ಪ್ರತಿ ಮನೆಗೆ ನಾಲ್ಕರ ಬದಲು 16 ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತವೆ, ದೊಡ್ಡ ಚಿತ್ರಗಳನ್ನೂ ಬರೆಯುತ್ತವೆ. ಅವುಗಳಲ್ಲಿ ವಿವರ ಹೆಚ್ಚು ಉಳಿಯುತ್ತದೆ. ಆದರೂ ಉಳಿಯುವುದು ಊಹೆಯ ವಿವರವೇ, ಮಗ್ಗದಿಂದ ಬಂದ ವಿವರವಲ್ಲ.

ಫೋಟೊ ಕೊಟ್ಟು ಮಾಡಿಸುವಾಗ ಮೂಲವನ್ನು ಎಷ್ಟು ಬದಲಿಸಬೇಕು ಎಂದು ಸೂಚಿಸುವ ಒಂದು ಅಳತೆ ಅನೇಕ ತಂತ್ರಾಂಶಗಳಲ್ಲಿ ಇರುತ್ತದೆ, 0ಯಿಂದ 1ರವರೆಗೆ. ಅದನ್ನು ಕಡಿಮೆ ಇಟ್ಟರೆ ಸೀರೆ ಉಳಿಯುತ್ತದೆ, ಹಿನ್ನೆಲೆಯೂ ಹಾಗೆಯೇ ಉಳಿಯುತ್ತದೆ. ಹೆಚ್ಚಿಸಿದರೆ ಹಿನ್ನೆಲೆ ಬದಲಾಗುತ್ತದೆ, ಜೊತೆಗೆ ಸೀರೆಯೂ ಬದಲಾಗುತ್ತದೆ. ಈ ಅಳತೆಯನ್ನು ತಿರುಗಿಸುತ್ತ ಗಂಟೆಗಟ್ಟಲೆ ಕೂರುವವರನ್ನು ನಾನು ನೋಡಿದ್ದೇನೆ. ಸೀರೆಯನ್ನು ಉಳಿಸಿ ಹಿನ್ನೆಲೆಯನ್ನು ಮಾತ್ರ ಬದಲಿಸುವ ಸಂಖ್ಯೆ ಆ ಅಳತೆಯಲ್ಲಿ ಎಲ್ಲಿಯೂ ಇಲ್ಲ.

ಪ್ರಶ್ನೆ: ಹಾಗಿದ್ದರೆ ಎಐಯನ್ನು ಬಳಸಲೇಬಾರದೇ? ನನಗೆ ಬೇಕಾಗಿರುವುದು ಅಂಗಡಿಯ ಗೋಡೆಗಿಂತ ಚೆನ್ನಾಗಿ ಕಾಣುವ ಒಂದು ಹಿನ್ನೆಲೆ, ಅಷ್ಟೆ.

ಉತ್ತರ: ಬಳಸಬಹುದು. ಮಾರಾಟಕ್ಕಿರುವ ವಸ್ತುವನ್ನು ಮಾತ್ರ ಅದರಿಂದ ಬರೆಯಿಸಬೇಡಿ, ಮಾರಾಟಕ್ಕಿಲ್ಲದ್ದನ್ನು ಬರೆಯಿಸಿ. ನಿಮ್ಮ ಹಸಿರು ಸೀರೆಗೆ ಹೀಗೆ ಮಾಡಬಹುದು.

ಮೊದಲು ಫೋಟೊ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಸೀರೆಯನ್ನು ಹರಡಿ, ಟ್ಯೂಬ್‌ಲೈಟುಗಳನ್ನು ಆರಿಸಿ. ಎರಡು ಬಗೆಯ ಬೆಳಕು ಬೆರೆತರೆ ಒಂದೇ ಸೀರೆಯಲ್ಲಿ ಎರಡು ಹಸಿರು ಕಾಣುತ್ತದೆ, ಅದನ್ನು ಆಮೇಲೆ ಸರಿಪಡಿಸುವುದು ಕಷ್ಟ. ಮೊಬೈಲಿನ ಫಿಲ್ಟರ್ ಮತ್ತು ಬಣ್ಣ ಏರಿಸುವ ಸೌಲಭ್ಯಗಳನ್ನು ನಿಲ್ಲಿಸಿ. ಮೊದಲ ಫೋಟೊದಲ್ಲಿ ಸೀರೆಯ ಪಕ್ಕಕ್ಕೆ ಬೂದು ಬಣ್ಣದ ಕಾರ್ಡನ್ನು ಇಡಿ. ಸ್ಟುಡಿಯೊ ಸಾಮಾನು ಮಾರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಎಡಿಟಿಂಗ್ ತಂತ್ರಾಂಶದಲ್ಲಿ ಆ ಬೂದನ್ನು ಮುಟ್ಟಿ ಬಿಳಿಯ ಸಮತೋಲ ಹೊಂದಿಸಿ, ಅದೇ ಹೊಂದಾಣಿಕೆಯನ್ನು ಉಳಿದ ಫೋಟೊಗಳಿಗೂ ಕೊಡಿ. ಮೊಬೈಲನ್ನು ಬಟ್ಟೆಗೆ ಸಮಾನಾಂತರವಾಗಿ, ಸ್ವಲ್ಪ ದೂರದಿಂದ ಹಿಡಿಯಿರಿ. ತೀರ ಹತ್ತಿರ ಹೋದರೆ ಅಂಚುಗಳು ಬಾಗಿ ದಡಿಯ ಅಗಲ ಒಂದೊಂದು ಕಡೆ ಒಂದೊಂದು ರೀತಿ ಕಾಣುತ್ತದೆ.

ಎರಡನೆಯದಾಗಿ, ಸೀರೆಯನ್ನು ಹಿನ್ನೆಲೆಯಿಂದ ಕತ್ತರಿಸಿ, ಪಾರದರ್ಶಕ ಹಿನ್ನೆಲೆಯ PNG ಕಡತವಾಗಿ ಉಳಿಸಿ. ಹಿನ್ನೆಲೆ ತೆಗೆಯುವ ಆ್ಯಪ್‌ಗಳು ಸಾಮಾನ್ಯವಾಗಿ ಎಡವುವುದು ಸೆರಗಿನ ಕುಚ್ಚಿನಲ್ಲಿ. ಅಲ್ಲಿ ಕೈಯಿಂದ ತಿದ್ದಿ.

ಮೂರನೆಯದಾಗಿ, ಹಿನ್ನೆಲೆಯನ್ನು ಮಾತ್ರ ಬರೆಯಿಸಿ. ಉದಾಹರಣೆಗೆ:

```
empty wooden swing seat, plain lime-washed wall,
soft daylight from the left, front view
```

ಇದರಲ್ಲಿ ಸೀರೆಯ ಮಾತೇ ಇಲ್ಲ ಎಂಬುದನ್ನು ಗಮನಿಸಿ. 'ಬಟ್ಟೆ ಬೇಡ' ಎಂದು ಇದೇ ವಾಕ್ಯದಲ್ಲಿ ಸೇರಿಸಲೂ ಬೇಡಿ. ಇಂಥ ತಂತ್ರಾಂಶಗಳಲ್ಲಿ ಅನೇಕವು 'ಬೇಡ' ಎಂಬುದನ್ನು ಸರಿಯಾಗಿ ಹಿಡಿಯುವುದಿಲ್ಲ, 'ಬಟ್ಟೆ' ಎಂಬ ಪದವನ್ನು ಹಿಡಿದು ತೂಗುಮಂಚದ ಮೇಲೊಂದು ಬಟ್ಟೆಯನ್ನು ಹಾಸಿಯೇ ಬಿಡುತ್ತವೆ. ಬೇಡವಾದದ್ದನ್ನು ಬರೆಯಲು Negative prompt ಎಂಬ ಪ್ರತ್ಯೇಕ ಜಾಗವಿದ್ದರೆ ಅಲ್ಲಿ ಬರೆಯಿರಿ. ಬೆಳಕಿನ ದಿಕ್ಕು ಮಾತ್ರ ಮುಖ್ಯ. ನಿಮ್ಮ ಕಿಟಕಿ ಸೀರೆಯ ಎಡಕ್ಕಿದ್ದರೆ ಹಿನ್ನೆಲೆಯ ಬೆಳಕೂ ಎಡದಿಂದಲೇ ಬರಬೇಕು, ಇಲ್ಲವಾದರೆ ಸೀರೆ ಅಂಟಿಸಿದಂತೆ ಕಾಣುತ್ತದೆ.

ಕೊನೆಗೆ ಎಡಿಟಿಂಗ್ ತಂತ್ರಾಂಶದಲ್ಲಿ ಹಿನ್ನೆಲೆ ಕೆಳಗೆ, ಕತ್ತರಿಸಿದ ಸೀರೆ ಮೇಲೆ ಬರುವಂತೆ ಎರಡು ಪದರಗಳಾಗಿ ಇಡಿ. ಇವೆರಡರ ನಡುವೆ ಮೂರನೆಯ ಪದರವನ್ನು Multiply ಕ್ರಮದಲ್ಲಿ ಸೇರಿಸಿ, ಮೆತ್ತನೆಯ ಕುಂಚದಿಂದ ನೆರಳು ಬರೆಯಿರಿ. ಸೀರೆಯ ಪದರವನ್ನು ಮುಟ್ಟಬೇಡಿ.

ಪ್ರಶ್ನೆ: ಸೀರೆಯನ್ನು ಮರೆಮಾಡಿ ಸುತ್ತಲಿನದನ್ನು ಮಾತ್ರ ಬದಲಿಸುವ ಸೌಲಭ್ಯ ನನ್ನ ಆ್ಯಪ್‌ನಲ್ಲೇ ಇದೆ. ಅದು ಸಾಲದೇ?

ಉತ್ತರ: ಬಹುಮಟ್ಟಿಗೆ ಸಾಕು, ಆದರೆ ಅದರಲ್ಲೊಂದು ಕಣ್ಣಿಗೆ ಬೀಳದ ದೋಷವಿರಬಹುದು. ಮೇಲೆ ಹೇಳಿದಂತೆ ಕುಗ್ಗಿಸಿ ಹಿಗ್ಗಿಸುವ ತಂತ್ರಾಂಶವಾದರೆ, ನೀವು ಮುಟ್ಟಬೇಡ ಎಂದ ಭಾಗವೂ ಆ ಕುಗ್ಗುವಿಕೆಯ ಮೂಲಕವೇ ಹಾದುಬರುತ್ತದೆ. ದೂರದಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ ಮೂಲ ಫೋಟೊದ ಪಕ್ಕಕ್ಕಿಟ್ಟಾಗ ತೆನೆಗಳ ತುದಿ ಮೊಂಡಾಗಿರುವುದು, ಒಡಲಿನ ಚೌಕಡಿಯ ಸಣ್ಣ ಗೆರೆ ನಡುವೆ ತುಂಡಾಗಿರುವುದು ಕಾಣುತ್ತದೆ. ಕೆಲವು ಆ್ಯಪ್‌ಗಳು ಮೂಲವನ್ನು ತಾವೇ ಮರಳಿ ಕೂರಿಸುತ್ತವೆ. ನಿಮ್ಮದು ಹಾಗೆ ಮಾಡದಿದ್ದರೆ ಕತ್ತರಿಸಿಟ್ಟ PNG ಕಡತವನ್ನು ಅದೇ ಜಾಗಕ್ಕೆ ತಂದು ಮೇಲೆ ಹೊದಿಸಿಬಿಡಿ.

ಪ್ರಕಟಿಸುವ ಮೊದಲು ಸೀರೆಯನ್ನು ಕೈಯಲ್ಲಿ ಹಿಡಿದು ಸೆರಗಿನ ಪಟ್ಟಿಗಳನ್ನು ಎಣಿಸಿ, ಒಂದು ಪಟ್ಟಿಯ ಅಂಚಿನ ತೆನೆಗಳನ್ನು ಎಣಿಸಿ, ಚಿತ್ರದಲ್ಲಿಯೂ ಎಣಿಸಿ. ಎರಡು ನಿಮಿಷದ ಕೆಲಸ. ಬಣ್ಣವನ್ನು ಹಗಲಿನ ಬೆಳಕಿನಲ್ಲಿ, ಕನಿಷ್ಠ ಎರಡು ಬೇರೆ ಮೊಬೈಲುಗಳಲ್ಲಿ ನೋಡಿ. ಎಲ್ಲ ಪರದೆಗಳಲ್ಲಿಯೂ ಒಂದೇ ಹಸಿರನ್ನು ತೋರಿಸುವುದು ಯಾರಿಂದಲೂ ಆಗದು. ಹಾಗಾಗಿ ಕಿಟಕಿಯ ಬೆಳಕಿನಲ್ಲಿ ತೆಗೆದ ದಡಿಯ ಹತ್ತಿರದ ಫೋಟೊವೊಂದನ್ನು, ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಯಾವ ಹಿನ್ನೆಲೆಯನ್ನೂ ಸೇರಿಸದೆ ಜೊತೆಗೆ ಹಾಕಿ.

ಪ್ರಶ್ನೆ: ಸೀರೆಯನ್ನು ರೂಪದರ್ಶಿ ಉಟ್ಟಂತೆ ತೋರಿಸುವ ಆ್ಯಪ್‌ಗಳೂ ಬಂದಿವೆಯಲ್ಲ? ಬೇಡಿಕೆ ಹೆಚ್ಚು ಇರುವುದು ಅಂಥ ಚಿತ್ರಗಳಿಗೇ.

ಉತ್ತರ: ಉಡಿಸುವುದೆಂದರೆ ನೆರಿಗೆ, ಮಡಿಕೆ, ಭುಜದ ಮೇಲಿನ ಇಳಿಜಾರು ಎಲ್ಲವನ್ನೂ ಹೊಸದಾಗಿ ಬರೆಯುವುದೆಂದೇ ಅರ್ಥ. ಅಲ್ಲಿ ನಿಮ್ಮ ಫೋಟೊದ ಪಿಕ್ಸೆಲ್‌ಗಳು ಇದ್ದಂತೆ ಉಳಿಯುವುದಿಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಹತ್ತಿ ಮುಗಿದು ರೇಷ್ಮೆ ಆರಂಭವಾಗುವ ಆ ಗೆರೆಯನ್ನು ಉಡಿಸುವ ಆ್ಯಪ್ ಭುಜದ ಮೇಲೆ ಎಲ್ಲೆಂದರಲ್ಲಿ ಎಳೆಯಬಹುದು, ಅಳಿಸಲೂಬಹುದು. ನಿಮ್ಮ ಸೀರೆಯ ಹಲವು ಫೋಟೊಗಳನ್ನು ಕೊಟ್ಟು ತಂತ್ರಾಂಶಕ್ಕೆ ಪ್ರತ್ಯೇಕ ತರಬೇತಿ ಕೊಡುವ ವಿಧಾನವೂ ಇದೆ. ಅದರಿಂದ ಹೋಲಿಕೆ ಹೆಚ್ಚುತ್ತದೆ, ತೆನೆಗಳ ಎಣಿಕೆ ಸರಿಬರುತ್ತದೆಂಬ ಖಾತರಿ ಸಿಗುವುದಿಲ್ಲ. ಪ್ರತಿ ಸೀರೆಯೂ ಬೇರೆಯಾಗಿರುವ ಕೈಮಗ್ಗದ ಅಂಗಡಿಗೆ ಆ ಶ್ರಮ ಗಿಟ್ಟುವುದೂ ಇಲ್ಲ. ಮನೆಯವರೊಬ್ಬರು ಉಟ್ಟು ನಿಂತರೆ ಐದು ನಿಮಿಷದಲ್ಲಿ ನಿಜವಾದ ಫೋಟೊ ಸಿಗುತ್ತದೆ. ಹಿನ್ನೆಲೆಯನ್ನು ಮೇಲಿನ ವಿಧಾನದಲ್ಲಿಯೇ ಬದಲಿಸಿಕೊಳ್ಳಿ.

ಆದರೂ ಆ್ಯಪ್‌ನ ಚಿತ್ರವನ್ನೇ ಹಾಕುವಿರಾದರೆ 'ಉಟ್ಟ ಭಂಗಿಯ ಚಿತ್ರ ಎಐಯಿಂದ ಮಾಡಿದ್ದು, ನಿಜವಾದ ದಡಿ ಮತ್ತು ಸೆರಗಿಗೆ ಮುಂದಿನ ಫೋಟೊ ನೋಡಿ' ಎಂದು ಚಿತ್ರದ ಮೇಲೆಯೇ ಬರೆಯಿರಿ. ಜಾಹೀರಾತಿನಲ್ಲಿ ತೋರಿಸಿದ ಗುಣಲಕ್ಷಣಗಳು ಸರಕಿನಲ್ಲಿ ಇಲ್ಲದಿದ್ದರೆ ಅದನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ನಿಮ್ಮ ಗಿರಾಕಿ ಹಿಂದಿರುಗಿಸಿದ ಸೀರೆಯನ್ನು ನೀವು ವಾಪಸ್ ಪಡೆಯಲೇಬೇಕಾಗುತ್ತದೆ.