ಮಾಲೀಕರ ಫೋನೇ ಲಾಕ್ ಆಯ್ತು: ಅಡ್ಮಿನ್‌ಗಳಿಗೆ ಮಾತ್ರ ಗಟ್ಟಿ ಲಾಗಿನ್ ಹಾಕಿದ ನನ್ನ ಅನುಭವ

ದಾವಣಗೆರೆಯಲ್ಲಿ ಒಂದು ಅಕ್ಕಿ ಮಿಲ್ಲು, ಜೊತೆಗೆ ಮೆಕ್ಕೆಜೋಳದ ವ್ಯಾಪಾರ. ಚಿತ್ರದುರ್ಗದ ಕಡೆ ಒಂದು ಗೋಡೌನು. ಮೈಕ್ರೋಸಾಫ್ಟ್ 365 ಖಾತೆಗಳು ಎಲ್ಲಾ ಸೇರಿ ಎಪ್ಪತ್ತರ ಆಸುಪಾಸು. ಅದನ್ನು ನೋಡಿಕೊಳ್ಳುವವರು ಇಬ್ಬರೇ, ನಾನು ಮತ್ತು ನನ್ನ ಜೊತೆಗಿರುವ ಒಬ್ಬ ಹುಡುಗ.

ಬೆಂಗಳೂರಿನ ಒಬ್ಬ ವೆಂಡರ್ ಬಂದು, ಎಲ್ಲರಿಗೂ ಬಿಸಿನೆಸ್ ಪ್ರೀಮಿಯಂ ತೊಗೊಳ್ಳಿ, ಎಲ್ಲಾ ಲ್ಯಾಪ್‌ಟಾಪ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ಇಂಟ್ಯೂನ್‌ಗೆ ಹಾಕಿ ಅಂದ. ತಿಂಗಳಿಗೆ ಲಕ್ಷ ದಾಟುತ್ತಿತ್ತು. ನಾನು, "ಅಡ್ಮಿನ್ ರೋಲ್ ಇರುವವರಿಗೆ ಮಾತ್ರ ಬಿಗಿ ಮಾಡೋಣ, ಎರಡು ಲೈಸೆನ್ಸ್ ಸಾಕು" ಅಂದೆ. ಅವನು ನಕ್ಕ. "ಹಾಗೆಲ್ಲ ಅರ್ಧಂಬರ್ಧ ಮಾಡಿದರೆ ನಿಲ್ಲೋದಿಲ್ಲ ಸರ್" ಅಂದ. ನಿಂತಿದೆ. ಈಗ ಎಂಟು ತಿಂಗಳಾಗಿರಬೇಕು. ಆದರೆ ನಿಲ್ಲುವ ಮೊದಲು ನಾನು ಎಷ್ಟು ಸಲ ಬಿದ್ದೆ ಅಂತ ಹೇಳಬೇಕಲ್ವಾ.

ಎಲ್ಲರಿಗೂ ಒಂದೇ ಬಿಗಿ ಯಾಕೆ ಬೇಡ ಅಂದರೆ, ನಮ್ಮ ವೇಬ್ರಿಡ್ಜ್‌ನಲ್ಲಿ ಮೂರು ಪಾಳಿಗೆ ಮೂರು ಜನ. ಅವರಲ್ಲಿ ಇಬ್ಬರ ಹತ್ತಿರ ಬಟನ್ ಫೋನು. ಸೀಜನ್‌ನಲ್ಲಿ ಲಾರಿ ಸಾಲಾಗಿ ನಿಂತಿರುವಾಗ ರಾತ್ರಿ ಎರಡು ಗಂಟೆಗೆ "ಅಣ್ಣಾ, ಕೋಡ್ ಕೇಳ್ತಿದೆ" ಅಂತ ಫೋನ್ ಬಂದರೆ ನಾನೇನು ಮಾಡಲಿ? ಅವರ ಖಾತೆ ಹೋದರೆ ಹೋಗುವುದು ತೂಕದ ಚೀಟಿ. ನನ್ನ ಖಾತೆ ಹೋದರೆ ಇಡೀ ಕಂಪನಿ.

ಯಾರು, ಎಲ್ಲಿಂದ, ಹೇಗೆ ಲಾಗಿನ್ ಆಗಬಹುದು ಅಂತ ನಿಯಮ ಬರೆಯೋದಕ್ಕೆ ಮೈಕ್ರೋಸಾಫ್ಟ್‌ನಲ್ಲಿ ಕಂಡಿಷನಲ್ ಆಕ್ಸೆಸ್ ಅನ್ನುತ್ತಾರೆ. ಅದಕ್ಕೆ ಅವರ ಲಾಗಿನ್ ವ್ಯವಸ್ಥೆಯಾದ ಎಂಟ್ರಾದ ಪಿ1 ಲೈಸೆನ್ಸ್ ಬೇಕು. ನಾನು ತೊಗೊಂಡಾಗ ಒಬ್ಬರಿಗೆ ತಿಂಗಳಿಗೆ 500 ರೂ. ಹತ್ತಿರ ಇತ್ತು, ಮೇಲೆ ಜಿಎಸ್‌ಟಿ. ನಿಯಮ ಯಾರ ಮೇಲೆ ಬೀಳುತ್ತದೋ ಅವರಿಗಷ್ಟೇ ಬೇಕು. ಇಬ್ಬರಿಗೆ ತೊಗೊಂಡೆ. ಎರಡು ನಿಯಮ ಬರೆದೆ. ಒಂದು: ಅಡ್ಮಿನ್ ರೋಲ್ ಇದ್ದವರು ಎಲ್ಲಿಗೆ ಲಾಗಿನ್ ಆದರೂ `Phishing-resistant MFA` ಬೇಕು. ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತು ಬೇಕು, ಅದಕ್ಕೆ ಎಸ್‌ಎಂಎಸ್ ಕೋಡೂ ಸಾಲದು, ಫೋನಿನಲ್ಲಿ "ಒಪ್ಪು" ಒತ್ತುವುದೂ ಸಾಲದು, ಯುಎಸ್‌ಬಿ ಕೀ ಥರದ್ದೇ ಬೇಕು. ಇನ್ನೊಂದು: ಅಡ್ಮಿನ್ ರೋಲ್ ಇದ್ದವರು ನಾವು ಗುರುತಿಸಿದ ಲ್ಯಾಪ್‌ಟಾಪ್ ಬಿಟ್ಟು ಬೇರೆ ಕಡೆಯಿಂದ ಬಂದರೆ ಬ್ಲಾಕ್. ರೋಲ್‌ಗಳನ್ನು ಆರಿಸುವಾಗ ಗ್ಲೋಬಲ್ ಅಡ್ಮಿನ್ ಒಂದನ್ನೇ ಹಾಕಿ ಸುಮ್ನೆ ಕೂರಬೇಡಿ. ಯೂಸರ್ ಅಡ್ಮಿನ್, ಎಕ್ಸ್‌ಚೇಂಜ್ ಅಡ್ಮಿನ್, ಹೆಲ್ಪ್‌ಡೆಸ್ಕ್, ಪಾಸ್‌ವರ್ಡ್ ರೀಸೆಟ್ ಮಾಡುವ ಎಲ್ಲಾ ರೋಲ್ ಸೇರಬೇಕು. ಮೈಕ್ರೋಸಾಫ್ಟ್‌ನ ರೆಡಿ ಟೆಂಪ್ಲೇಟ್‌ನಲ್ಲಿ 14 ರೋಲ್ ಇವೆ. ನಾನು ಅದನ್ನೇ ಇಟ್ಟುಕೊಂಡೆ.

ಮೊದಲ ಪೆಟ್ಟು ನಿಯಮ ಆನ್ ಮಾಡುವ ಮೊದಲೇ ಬಿತ್ತು. ಈ ನಿಯಮಗಳನ್ನು ಆನ್ ಮಾಡಬೇಕಾದರೆ, ಎಲ್ಲರಿಗೂ ಸಾಧಾರಣ ಭದ್ರತೆ ಕೊಡುವ `Security defaults` ಆಫ್ ಮಾಡಬೇಕು. ಶುಕ್ರವಾರ ಸಂಜೆ ಆಫ್ ಮಾಡಿದೆ. ಸೋಮವಾರ ಅಕೌಂಟ್ಸ್ ಸೆಕ್ಷನ್‌ನ ಮೇಡಂ ಖುಷಿಯಾಗಿ, "ಈಗ ಕೋಡೇ ಕೇಳ್ತಿಲ್ಲ ನೋಡಿ, ಹಿಂಗೇ ಇರ್ಲಿ" ಅಂದರು. ಎದೆ ಧಸಕ್ಕೆಂದಿತು. ಅದನ್ನು ಆಫ್ ಮಾಡಿದರೆ ಉಳಿದವರಿಗಿದ್ದ ಸಾಧಾರಣ ಬೀಗವೂ ತೆರೆದುಕೊಳ್ಳುತ್ತದೆ. ಮೂರು ದಿನ ಬ್ಯಾಂಕ್ ಪತ್ರ ಓಡಾಡುವ ಮೇಲ್‌ಬಾಕ್ಸ್‌ಗಳು ಬರೀ ಪಾಸ್‌ವರ್ಡ್ ಮೇಲೆ ನಿಂತಿದ್ದವು. ಆಮೇಲೆ ಅಕೌಂಟ್ಸ್, ಖರೀದಿ, ಆಫೀಸ್ ಸಿಬ್ಬಂದಿಗೆ ಹಳೆಯ ಪದ್ಧತಿಯಂತೆ ಒಬ್ಬೊಬ್ಬರಿಗೇ ಎಂಎಫ್‌ಎ ಹಾಕಿದೆ. ಅದಕ್ಕೆ ದುಡ್ಡು ಬೇಡ. ವೇಬ್ರಿಡ್ಜ್ ಖಾತೆಗಳನ್ನು ಬಿಟ್ಟೆ. ಆದರೆ ಅವಕ್ಕೆ ಹೊರಗೆ ಮೇಲ್ ಹೋಗದ ಹಾಗೆ ಮಾಡಿದೆ.

ಎರಡನೆಯದು ದೊಡ್ಡ ಪೆಟ್ಟು. ನಿಯಮವನ್ನು, ಯಾರನ್ನೂ ತಡೆಯದೆ ಲಾಗ್‌ನಲ್ಲಿ ಮಾತ್ರ ಬರೆಯುವ `Report-only`ನಲ್ಲಿ ನಾಲ್ಕು ದಿನ ಇಟ್ಟೆ. ಲಾಗ್‌ನಲ್ಲಿ ನನ್ನ ಹೆಸರು ಮಾತ್ರ ಹುಡುಕಿ ನೋಡಿ, ಸರಿಯಿದೆ ಅಂತ ಆನ್ ಮಾಡಿದೆ. ಹತ್ತು ನಿಮಿಷಕ್ಕೆ ಮಾಲೀಕರ ಫೋನ್ ಬಂತು.

"ಏನಪ್ಪಾ, ನಮ್ಮ ಮಿಲ್ಲಿಗೆ ನಮಗೇ ಬಾಗಿಲು ಹಾಕಿಬಿಟ್ಟೆಯಾ? ಮೇಲ್ ಬರ್ತಿಲ್ಲ."

ಕಾರಣ ಇಷ್ಟೇ. ಎಷ್ಟೋ ವರ್ಷದ ಹಿಂದೆ ಡೊಮೇನ್ ತೊಗೊಂಡಾಗ ಯಾರೋ ಅವರ ಖಾತೆಗೇ ಗ್ಲೋಬಲ್ ಅಡ್ಮಿನ್ ಕೊಟ್ಟಿದ್ದರು. ರೋಲ್ ಮನುಷ್ಯನ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಅಡ್ಮಿನ್ ಪೋರ್ಟಲ್ ತೆರೆದರೂ ಅಡ್ಮಿನ್ನೇ, ಫೋನಿನಲ್ಲಿ ಮೇಲ್ ನೋಡಿದರೂ ಅಡ್ಮಿನ್ನೇ. ಅವರ ಫೋನ್ ನಮ್ಮ ಪಟ್ಟಿಯಲ್ಲಿಲ್ಲ, ಹಾಗಾಗಿ ಬ್ಲಾಕ್. ನಾಲ್ಕು ದಿನದ ಲಾಗ್‌ನಲ್ಲಿ `Report-only: Failure` ಅಂತ ಅವರ ಹೆಸರು ಸಾಲುಸಾಲಾಗಿ ಇತ್ತು. ನಾನು ನೋಡಿರಲಿಲ್ಲ ಅಷ್ಟೇ.

"ಸರ್, ನಿಮ್ಮ ಅಡ್ಮಿನ್ ಅಧಿಕಾರ ತೆಗೆಯಬೇಕು" ಅಂದಾಗ ಅವರ ಮುಖ ನೋಡಬೇಕಿತ್ತು. ಮನೆಯ ಯಜಮಾನನ ಕೈಯಿಂದ ತಿಜೋರಿ ಕೀಲಿ ಕೇಳಿದ ಹಾಗೆ. ಕೊನೆಗೆ ಒಪ್ಪಿದ್ದು, ನಾವೇ ಹೊರಗೆ ಸಿಕ್ಕಿಹಾಕಿಕೊಂಡಾಗ ಬಳಸುವ ತುರ್ತು ಖಾತೆಯ ಯುಎಸ್‌ಬಿ ಕೀ ಅವರ ಹತ್ತಿರವೇ ಇರುತ್ತದೆ ಅಂದ ಮೇಲೆ. ನಾನು, ಹುಡುಗ ಇಬ್ಬರೂ ದಿನದ ಕೆಲಸಕ್ಕೆ ಒಂದು ಖಾತೆ, ಅಡ್ಮಿನ್ ಕೆಲಸಕ್ಕೆ ಇನ್ನೊಂದು ಅಂತ ಒಡೆದುಕೊಂಡೆವು. ಇದು ಆಗದೆ ರೋಲ್ ಮೇಲಿನ ನಿಯಮ ಹಾಕಲೇಬೇಡಿ. ಜಗಳ ಖಾತ್ರಿ.

ಈಗ ಲ್ಯಾಪ್‌ಟಾಪ್ ಕಥೆ. ಅಡ್ಮಿನ್ ಕೆಲಸಕ್ಕೇ ಅಂತ ಎರಡು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತೊಗೊಂಡೆ. ಎರಡೂ ಸೇರಿ 45 ಸಾವಿರದ ಹತ್ತಿರ. ತಂದು ನೋಡಿದರೆ ಒಂದರಲ್ಲಿ ವಿಂಡೋಸ್ ಹೋಂ! ಹೋಂ ಎಂಟ್ರಾಗೆ ಜಾಯಿನ್ ಆಗುವುದಿಲ್ಲ. ಪ್ರೊಗೆ ಬೇರೆ ದುಡ್ಡು ಹೋಯಿತು. ಕೊಳ್ಳುವ ಮುಂಚೆ ಕೇಳಬೇಕಿತ್ತು, ಬುದ್ಧಿ ಇರಲಿಲ್ಲ.

ಆಮೇಲೆ ಈ ಎರಡನ್ನು ಗುರುತಿಸೋದು ಹೇಗೆ? ಎಲ್ಲರೂ ಹೇಳುವ ದಾರಿ, ಎಂಟ್ರಾದಲ್ಲಿ ಆ ಯಂತ್ರದ `extensionAttribute1`ನಲ್ಲಿ ಒಂದು ಗುರುತು ಬರೆದು, ಫಿಲ್ಟರ್‌ನಲ್ಲಿ ಅದನ್ನು ಹಿಡಿಯೋದು. ಬರೆದೆ. ಗುರುತು ಸರಿಯಾಗಿ ಕಾಣುತ್ತದೆ, ಆದರೂ ಲ್ಯಾಪ್‌ಟಾಪ್ ಬ್ಲಾಕ್. ಎರಡು ಸಂಜೆ ಹಾಳಾಯಿತು. ಆ ಗುರುತನ್ನು ಫಿಲ್ಟರ್ ಲೆಕ್ಕಕ್ಕೆ ತೊಗೊಳ್ಳಬೇಕಾದರೆ ಯಂತ್ರ ಷರತ್ತುಗಳಿಗೆ ತಕ್ಕಂತಿದೆ, ಅಂದರೆ `Compliant` ಅಂತ ಇಂಟ್ಯೂನ್ ಹೇಳಬೇಕು, ಇಲ್ಲವೇ ಕಂಪನಿಯ ಸ್ವಂತ ಡೊಮೇನ್ ಸರ್ವರ್‌ಗೂ ಎಂಟ್ರಾಗೂ ಸೇರಿ ಹೈಬ್ರಿಡ್ ಜಾಯಿನ್ ಆಗಿರಬೇಕು. ನಮ್ಮ ಹತ್ತಿರ ಎರಡೂ ಇಲ್ಲ. ವೆಂಡರ್ ಹೇಳಿದ್ದೇ ನಿಜವಾಯ್ತಾ ಅಂತ ಒಂದು ರಾತ್ರಿ ನಿದ್ದೆ ಬರಲಿಲ್ಲ.

ಆದರೆ ಡಿವೈಸ್ ಐಡಿಗೆ ಆ ಕಟ್ಟುಪಾಡು ಇಲ್ಲ. ಜಾಯಿನ್ ಆಗಿದ್ದರೆ ಸಾಕು. ಇರುವುದೇ ಎರಡು ಯಂತ್ರ, ನೇರ ಹೆಸರಿಟ್ಟು ಕರೆದರಾಯಿತು:

```
device.deviceId -in ["<ಮೊದಲ ಐಡಿ>", "<ಎರಡನೇ ಐಡಿ>"]
```

ಇದನ್ನು ಬ್ಲಾಕ್ ನಿಯಮದ `Filter for devices`ನಲ್ಲಿ `Exclude` ಅಂತ ಹಾಕಬೇಕು. ಗುರುತೇ ಇಲ್ಲದ ಯಂತ್ರದಲ್ಲಿ ಐಡಿ ಖಾಲಿ ಇರುತ್ತದೆ. ಖಾಲಿ ಐಡಿ ನಮ್ಮ ಪಟ್ಟಿಗೆ ಹೊಂದುವುದಿಲ್ಲ, ಹಾಗಾಗಿ ಬ್ಲಾಕ್. ಒಂದು ಎಚ್ಚರ: ಪೋರ್ಟಲ್‌ನಲ್ಲಿ `Object ID` ಅಂತ ಇನ್ನೊಂದು ಇದೇ ಥರದ ಉದ್ದನೆಯ ನಂಬರ್ ಇರುತ್ತದೆ. ನಾನು ಮೊದಲು ಅದನ್ನೇ ಹಾಕಿದ್ದೆ. ಲ್ಯಾಪ್‌ಟಾಪ್‌ನಲ್ಲೇ `dsregcmd /status` ಕೊಟ್ಟು `DeviceId` ಸಾಲು ಕಾಪಿ ಮಾಡಿ, ತಪ್ಪುವುದಿಲ್ಲ. ಇಂಟ್ಯೂನ್ ಇದ್ದರೆ ಆಂಟಿವೈರಸ್ ಇದೆಯಾ, ಅಪ್‌ಡೇಟ್ ಆಗಿದೆಯಾ ಅಂತೆಲ್ಲ ನೋಡುತ್ತಿತ್ತು. ಇದು ಯಂತ್ರ ಯಾವುದು ಅಂತಷ್ಟೇ ನೋಡುತ್ತದೆ. ಎರಡು ಯಂತ್ರದ ಆರೋಗ್ಯ ನಾನೇ ನೋಡಿಕೊಳ್ಳುತ್ತೇನೆ. ಇಪ್ಪತ್ತು ಇದ್ದಿದ್ದರೆ ಈ ದಾರಿ ಹಿಡಿಯುತ್ತಿರಲಿಲ್ಲ.

ಎಲ್ಲಾ ಸರಿಯಾಯ್ತು ಅಂದುಕೊಂಡರೆ ಹುಡುಗ, "ಅಣ್ಣಾ, ನಂದು ಬ್ಲಾಕ್ ಆಗ್ತಿದೆ" ಅಂದ. ಪಟ್ಟಿಯಲ್ಲಿರುವ ಲ್ಯಾಪ್‌ಟಾಪೇ! ಲಾಗ್ ನೋಡಿದರೆ ನಿಯಮ ತಡೆದಾಗ ಬರುವ ಎರರ್ 53003, ಡಿವೈಸ್ ಐಡಿ ಜಾಗ ಖಾಲಿ. ಹೋಗಿ ನೋಡಿದರೆ ಇನ್‌ಕಾಗ್ನಿಟೊ ವಿಂಡೋ. ಅಡ್ಮಿನ್ ಖಾತೆ ಅಂದರೆ ಇನ್‌ಕಾಗ್ನಿಟೊದಲ್ಲೇ ತೆರೆಯಬೇಕು ಅಂತ ನಾನೇ ಕಲಿಸಿದ್ದೆ. ಆ ವಿಂಡೋ ಯಂತ್ರದ ಗುರುತು ಕಳಿಸುವುದಿಲ್ಲ. ಈಗ ಆ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ಗೇ ಅಡ್ಮಿನ್ ಖಾತೆಯಿಂದ ಲಾಗಿನ್, ಎಡ್ಜ್‌ನಲ್ಲೂ ಅದೇ ಪ್ರೊಫೈಲ್, ಬೇರೆ ಬ್ರೌಸರ್ ಇಲ್ಲ. ಇದರಿಂದ ಇನ್ನೊಂದು ಲಾಭ ಆಯಿತು. ವಿಂಡೋಸ್ ಹಲೋ ಪಿನ್ನೇ ಗಟ್ಟಿ ಲಾಗಿನ್ ಅಂತ ಲೆಕ್ಕಕ್ಕೆ ಬರುತ್ತದೆ. ಯುಎಸ್‌ಬಿ ಕೀ ನಾಲ್ಕು ತೊಗೊಂಡಿದ್ದೆ, ಹನ್ನೆರಡು ಸಾವಿರದ ಮೇಲೆ ಆಗಿತ್ತು. ದಿನಬಳಕೆಗೆ ಬೇಕಾಗಲೇ ಇಲ್ಲ.

ನಡುವೆ ಕೆಲವು ಪ್ರಯೋಗ ಮಾಡಿದೆ. ಲ್ಯಾಪ್‌ಟಾಪ್ ಬದಲು ಆಫೀಸ್ ಐಪಿ ಮೇಲೆ ನಿಯಮ ಹಾಕಿ ನೋಡಿದೆ. ಕರೆಂಟ್ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬಂದ ದಿನವೇ ಅದರ ಕಥೆ ಮುಗಿಯಿತು. ಇನ್ನೊಮ್ಮೆ ಹುಡುಗನಿಗೆ ಕಡಿಮೆ ಅಧಿಕಾರ ಸಾಕು ಅಂತ ಕಸ್ಟಮ್ ರೋಲ್ ಮಾಡಿಕೊಟ್ಟೆ. ಮನೆಯ ಕಂಪ್ಯೂಟರ್‌ನಿಂದ ಆರಾಮಾಗಿ ಒಳಗೆ ಬಂದ! ಈ ನಿಯಮಗಳು ರೆಡಿ ರೋಲ್‌ಗಳನ್ನು ಮಾತ್ರ ಹಿಡಿಯುತ್ತವೆ. ಕಸ್ಟಮ್ ರೋಲ್ ಅವಕ್ಕೆ ಕಾಣುವುದೇ ಇಲ್ಲ. ಆ ರೋಲ್ ತೆಗೆದುಹಾಕಿದೆ.

ಹೊಸ ಅಡ್ಮಿನ್ ಸೇರಿಸುವಾಗ ಕೋಳಿ ಮೊದಲಾ ಮೊಟ್ಟೆ ಮೊದಲಾ ಅನ್ನುವ ತಾಪತ್ರಯ ಬರುತ್ತದೆ. ಕೀ ಇಲ್ಲದೆ ಒಳಗೆ ಬಿಡುವುದಿಲ್ಲ, ಒಳಗೆ ಬರದೆ ಕೀ ನೋಂದಾಯಿಸುವುದು ಹೇಗೆ? ನಿಯಮ ನಿಂತಿರುವುದು ರೋಲ್ ಮೇಲೆ. ಹಾಗಾಗಿ ಖಾತೆಗೆ ರೋಲ್ ಕೊಡದೆ, ಲಾಗಿನ್‌ಗೆ ತಾತ್ಕಾಲಿಕ ಪಾಸ್‌ಕೋಡ್ ಕೊಟ್ಟು ಲ್ಯಾಪ್‌ಟಾಪ್ ಜಾಯಿನ್, ಪಿನ್, ಕೀ ಎಲ್ಲಾ ಮುಗಿಸುತ್ತೇನೆ. ರೋಲ್ ಕೊಡುವುದು ಕೊನೆಗೆ. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ.

ಮೂರನೇ ತಿಂಗಳು ನನ್ನ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಸತ್ತಿತು. ಹೊಸದು ಹಾಕಿ ವಿಂಡೋಸ್ ಮತ್ತೆ ಹಾಕಿದರೆ ಡಿವೈಸ್ ಐಡಿ ಹೊಸದು. ಪಟ್ಟಿಯಲ್ಲಿರುವುದು ಹಳೆಯದು. ನನ್ನ ಅಡ್ಮಿನ್ ಖಾತೆಯಿಂದ ಜಾಯಿನ್ ಕೂಡ ಆಗಲಿಲ್ಲ. ದಿನದ ಖಾತೆಯಿಂದ ಜಾಯಿನ್ ಮಾಡಿ ಹೊಸ ಐಡಿ ಬರೆದುಕೊಂಡೆ. ಮಾಲೀಕರ ಮನೆಗೆ ಹೋಗಿ ತುರ್ತು ಖಾತೆಯ ಕೀ ಕೇಳಿದೆ. "ನೋಡಿದೆಯಾ, ಕೊನೆಗೆ ನಮ್ಮ ಹತ್ತಿರಾನೇ ಬಂದೆ" ಅಂತ ಕಾಫಿ ಕೊಟ್ಟರು. ಆ ಖಾತೆ ಎರಡೂ ನಿಯಮದಿಂದ ಹೊರಗಿದೆ. ಆದರೆ ಬರೀ ಪಾಸ್‌ವರ್ಡ್ ಸಾಲದು. 2024ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೈಕ್ರೋಸಾಫ್ಟ್ ಅಡ್ಮಿನ್ ಪೋರ್ಟಲ್‌ಗಳಿಗೆ ಎಲ್ಲರಿಗೂ ಎಂಎಫ್‌ಎ ಕಡ್ಡಾಯ ಮಾಡಿದೆ, ತುರ್ತು ಖಾತೆಗೂ ಬಿಟ್ಟಿಲ್ಲ. ಹಾಗಾಗಿ ಕೀ. ಎರಡನೇ ಕೀ ಎಲ್ಲಿದೆ, ಆ ಖಾತೆ ಬಳಸಿದರೆ ನನಗೆ ಹೇಗೆ ತಿಳಿಯುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ಮಾತು. ನಿಯಮ ಬದಲಿಸಿದ ತಕ್ಷಣ ಪರೀಕ್ಷೆ ಮಾಡಿ ಗಾಬರಿಯಾಗಬೇಡಿ. ಆಗಲೇ ತೆರೆದಿರುವ ಸೆಷನ್ ಸುಮಾರು ಒಂದು ಗಂಟೆ ಹಳೆಯ ಟೋಕನ್ ಮೇಲೆ ಓಡುತ್ತದೆ. ನಾನು ಇದು ಗೊತ್ತಿಲ್ಲದೆ ಸರಿಯಿದ್ದ ನಿಯಮವನ್ನು ಎರಡು ಸಲ ಕೆಡಿಸಿದ್ದೆ.

ಹೋದ ತಿಂಗಳು ಲಾಗ್ ನೋಡುವಾಗ ಹುಡುಗನ ಅಡ್ಮಿನ್ ಖಾತೆ ಮೇಲೆ ರಾತ್ರಿ ಹೊತ್ತು ಮೂರು 53003 ಕಂಡವು. ಐಪಿ ಹೊರದೇಶದ್ದು, ಡಿವೈಸ್ ಖಾಲಿ. ಈ ನಿಯಮಗಳು ಕೆಲಸ ಮಾಡುವುದು ಪಾಸ್‌ವರ್ಡ್ ಸರಿಹೋದ ಮೇಲೆ. ತಪ್ಪು ಪಾಸ್‌ವರ್ಡ್ ಆದರೆ ಬರುವ ಎರರೇ ಬೇರೆ. ಅಂದರೆ ಯಾರ ಕೈಯಲ್ಲೋ ಅವನ ಸರಿಯಾದ ಪಾಸ್‌ವರ್ಡ್ ಇತ್ತು. ಕೇಳಿದರೆ, ಹಿಂದಿನ ದಿನ ಒಂದು ಇನ್‌ವಾಯ್ಸ್ ಲಿಂಕ್ ಒತ್ತಿ ದಿನದ ಖಾತೆಯ ಪಾಸ್‌ವರ್ಡ್ ಹೊಡೆದಿದ್ದ. ಎರಡೂ ಖಾತೆಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದನಂತೆ. ಅಲ್ಲೇ ಕೂರಿಸಿಕೊಂಡು ಎರಡನ್ನೂ ಬದಲಾಯಿಸಿ, ಸೆಷನ್‌ಗಳನ್ನೆಲ್ಲ ಕಿತ್ತುಹಾಕಿದೆ. ಆ ಸಂಜೆಯ ಮಿರ್ಚಿ ಮಂಡಕ್ಕಿ ದುಡ್ಡು ಅವನೇ ಕೊಟ್ಟ.