ಚರಂಡಿಯ ಜಗಳ ಎಲ್ಲಿ ಮನುಷ್ಯರ ಜಗಳವಾಯಿತು

ಮಡಿಕೇರಿಯ ಇಳಿಜಾರಿನಲ್ಲಿರುವ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು ಕಕ್ಕಡ ತಿಂಗಳ ಮಳೆಯ ಒಂದು ರಾತ್ರಿ ಎರಡಾಗಿ ಒಡೆಯಿತು. ಕೆಲವರು ಬೇರೆ ಗುಂಪು ಮಾಡಿಕೊಂಡರು, ಕೆಲವರು ನಿರ್ವಹಣೆಯ ಹಣ ಕೊಡುವುದನ್ನೇ ನಿಲ್ಲಿಸಿದರು. ಆ ರಾತ್ರಿ ನಾನು ಊರಲ್ಲಿರಲಿಲ್ಲ. ಯಾರ ಪರವೂ ಮಾತಾಡಿಲ್ಲ ಎಂಬ ಕಾರಣಕ್ಕೆ, ಏನಾಯಿತೆಂದು ನೋಡಿಕೊಡಿ ಎಂದು ಸಮಿತಿಯವರು ನನ್ನನ್ನು ಕೇಳಿದರು.

ಮೊದಲು ಗುಂಪಿನ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ, ಮುದ್ರಿಸಿ, ಪ್ರತಿ ಸಂದೇಶಕ್ಕೂ ಸಂಖ್ಯೆ ಹಾಕಿದೆ. ಆದರೆ ಆ ಕಡತವೊಂದನ್ನೇ ನಂಬಬಾರದು. ಯಾರು ಯಾವ ಸಂದೇಶಕ್ಕೆ ಉತ್ತರಿಸಿದರು ಎಂಬುದು ಅದರಲ್ಲಿ ಬರುವುದಿಲ್ಲ. ಸಂದೇಶದ ಕೆಳಗೆ ಒತ್ತಿದ ಹೆಬ್ಬೆರಳೂ ಬರುವುದಿಲ್ಲ. ಹಾಗಾಗಿ ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಓದಿದೆ. ಪ್ರತಿ ಸಾಲಿನ ಮುಂದೆ ಇದು ಪ್ರಶ್ನೆಯೋ, ಕಂಡ ಸಂಗತಿಯೋ, ಇನ್ನೊಬ್ಬರ ಬಗ್ಗೆ ಕೊಟ್ಟ ತೀರ್ಪೋ ಎಂದು ಬರೆಯುತ್ತಾ ಹೋದೆ.

ಸಂಜೆ 7:10ಕ್ಕೆ ಕೆಳಗಿನ ಮನೆಯ ಅಕ್ಕ ಫೋಟೋ ಹಾಕಿದ್ದರು: "ಚರಂಡಿ ತುಂಬಿ ಕೆಸರು ನೀರು ನಮ್ಮ ಗೇಟಿನೊಳಗೆ ಬರ್ತಾ ಉಂಟು. ಯಾರು ನೋಡ್ತೀರಿ?" ಅದರ ಕೆಳಗೆ ಕೈಮುಗಿದ ಚಿತ್ರಗಳು, "ಏನು ಮಳೆ ಮಾರಾಯ್ರೆ" ಎಂಬ ಉದ್ಗಾರ, ನಾಳೆ ಶಾಲೆಗೆ ರಜೆ ಎಂಬ ಸುದ್ದಿ. ಕೇಳಿದ ಪ್ರಶ್ನೆ ಮೇಲಕ್ಕೆ ಸರಿದುಹೋಯಿತು. 7:48ಕ್ಕೆ ಅವರೇ ಮತ್ತೆ ಬರೆದರು: "ಸಮಿತಿಯವರು ಓದಿದ್ದೀರಿ, ನನಗೆ ಕಾಣ್ತದೆ. ಒಬ್ಬರೂ ಮಾತಾಡ್ಲಿಲ್ಲ." ಗುಂಪಿನಲ್ಲಿ ನಾವು ಹಾಕಿದ ಸಂದೇಶವನ್ನು ಯಾರು ಓದಿದರೆಂದು ನಮಗೆ ಕಾಣುತ್ತದೆ, ಓದಿದ ಗುರುತನ್ನು ಸೆಟ್ಟಿಂಗ್‌ನಲ್ಲಿ ಮುಚ್ಚಿಟ್ಟಿದ್ದರೂ ಗುಂಪಿನಲ್ಲಿ ಅದು ಮರೆಯಾಗುವುದಿಲ್ಲ. ನೋಡಿಯೂ ಸುಮ್ಮನಿದ್ದಾರೆ ಎಂಬ ನೋವು ಹುಟ್ಟಿದ್ದು ಅಲ್ಲಿ. ಅಲ್ಲಿಯವರೆಗೆ ವಿಷಯ ಚರಂಡಿಯದು, ಅಲ್ಲಿಂದ ಮುಂದೆ ಮನುಷ್ಯರದು.

7:56ಕ್ಕೆ ಮೂರನೆಯವರೊಬ್ಬರು, "ಮೇಲೆ ಮಣ್ಣು ಸುರಿದವರನ್ನೇ ಕೇಳಿ" ಎಂದರು. ಹೆಸರಿಲ್ಲ. ಆದರೆ ತಡೆಗೋಡೆ ಕಟ್ಟಿಸುತ್ತಿದ್ದ ಮನೆ ಒಂದೇ. 8:02ಕ್ಕೆ ಆ ಮನೆಯ ಯಜಮಾನರು, "ಧೈರ್ಯ ಇದ್ದರೆ ಹೆಸರು ಹೇಳಿ. ನಗರಸಭೆಯ ಪರವಾನಗಿ ಉಂಟು ನಮ್ಮಲ್ಲಿ" ಎಂದರು. 8:10ಕ್ಕೆ ಸಮಿತಿಯ ಮೊದಲ ಮಾತು ಬಂತು: "ದಯವಿಟ್ಟು ಎಲ್ಲರೂ ಶಾಂತರಾಗಿರಿ." ನೀರು ಒಳಗೆ ಬರುತ್ತಿರುವವರಿಗೂ ಆರೋಪ ಹೊತ್ತವರಿಗೂ ಒಂದೇ ಬುದ್ಧಿವಾದ! ಇಬ್ಬರ ಮುಂದಿನ ಸಂದೇಶಗಳೂ ಇನ್ನಷ್ಟು ಬಿಸಿಯಾಗಿವೆ. 8:20ಕ್ಕೆ ಯಾರೋ 2018ರ ಗುಡ್ಡ ಕುಸಿತದ ಫೋಟೋ ಹಾಕಿದರು. ಆಮೇಲೆ "ಬಾಡಿಗೆಯವರು ಇದರಲ್ಲಿ ಮಾತಾಡುವುದು ಬೇಡ" ಎಂಬ ಮಾತೂ ಬಂತು. 8:40ಕ್ಕೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಗುಂಪನ್ನು ಬಂದ್ ಮಾಡಿದರು. ಎರಡನೇ ಗುಂಪು ಹುಟ್ಟಿದ್ದು ಅದೇ ರಾತ್ರಿ.

ಇಬ್ಬರ ಮನೆಗೂ ಬೇರೆ ಬೇರೆಯಾಗಿ ಹೋಗಿ, ಮುದ್ರಿಸಿದ ಹಾಳೆ ಕೊಟ್ಟು, ಯಾವ ಸಾಲು ಚುಚ್ಚಿತು ಎಂದು ಕೇಳಿದೆ. ಅಕ್ಕ ಬೆರಳಿಟ್ಟದ್ದು ಯಾವ ಸಾಲಿನ ಮೇಲೂ ಅಲ್ಲ, 7:10ಕ್ಕೂ 7:48ಕ್ಕೂ ನಡುವಿನ ಜಾಗದ ಮೇಲೆ. ಮೇಲಿನ ಮನೆಯವರು 7:56ರ ಸಾಲು ತೋರಿಸಿ, "ಅವರು ಹೇಳಿದ್ದಲ್ಲ ಸರ್, ಅದಕ್ಕೆ ಹೆಬ್ಬೆರಳು ಒತ್ತಿದವರನ್ನು ನೋಡಿ. ದಿನಾ ನಮ್ಮನೇಲಿ ಕಾಫಿ ಕುಡಿಯುವವರು" ಎಂದರು.

ಇದೆಲ್ಲ ನೋಡಿದ ಮೇಲೆ 7:48ರ ಕೆಳಗೆ ಗೆರೆ ಎಳೆದೆ. ಅಲ್ಲಿ ಸಮಿತಿಯ ಯಾರೇ ಆಗಲಿ ಇಷ್ಟು ಬರೆಯಬಹುದಿತ್ತು:

"ಅಕ್ಕ, ಉತ್ತರ ಕೊಡಲು ತಡವಾಯಿತು. ನೀರು ಗೇಟಿನಲ್ಲೇ ಉಂಟಾ, ಬಾಗಿಲಿಗೆ ಬಂತಾ? ನಾನು ಈಗಲೇ ಟಾರ್ಚ್, ಹಾರೆ ಹಿಡಿದು ಬರ್ತೇನೆ. ಮಣ್ಣು ಎಲ್ಲಿಂದ ಬಂತು ಅಂತ ಬೆಳಿಗ್ಗೆ ಬೆಳಕಿನಲ್ಲಿ ಒಟ್ಟಿಗೆ ನೋಡುವ. 8:30ಕ್ಕೆ ಇಲ್ಲೇ ತಿಳಿಸ್ತೇನೆ."

ಇದರಲ್ಲಿ ಸಮಾಧಾನದ ಮಾತೇ ಇಲ್ಲ. ಅಕ್ಕ ಕೇಳಿದ "ಯಾರು" ಎಂಬುದಕ್ಕೆ ಉತ್ತರವಿದೆ, ಮುಂದಿನ ಸುದ್ದಿ ಯಾವಾಗ ಎಂಬುದಿದೆ. ಕಾರಣದ ವಿಚಾರವನ್ನು ಬೆಳಿಗ್ಗೆಗೆ ಸರಿಸಿದ್ದರಿಂದ 7:56ರ ಮಾತಿಗೆ ಜಾಗವೇ ಉಳಿಯುವುದಿಲ್ಲ. ನಿಜಕ್ಕೂ ಬೆಳಿಗ್ಗೆ ಸಿಕ್ಕಿದ್ದೇನು? ಮೋರಿಗೆ ಅಡ್ಡ ಬಿದ್ದ ಸಿಲ್ವರ್ ಓಕ್ ಕೊಂಬೆ, ಅದಕ್ಕೆ ಸಿಕ್ಕಿಕೊಂಡ ಎಲೆ. ಅದರ ಹಿಂದೆ ರಸ್ತೆ ಬದಿಯ ಬರೆ ಕುಸಿದ ಮಣ್ಣು, ಜೊತೆಗೆ ತಡೆಗೋಡೆ ಕೆಲಸದ ಮಣ್ಣೂ ಸ್ವಲ್ಪ.

8:02ರ ತನಕವೂ ಇಂಥ ಸಂದೇಶ ಕೆಲಸ ಮಾಡುತ್ತಿತ್ತೇನೋ. ಆದರೆ ಆಗ ಮೇಲಿನ ಮನೆಯವರಿಗೂ ಒಂದು ಸಾಲು ಸೇರಿಸಬೇಕಿತ್ತು: ನೋಡದೆ ಯಾರ ಮೇಲೂ ಹಾಕುವುದಿಲ್ಲ ಎಂದು. 2018ರ ಫೋಟೋ ಬಂದ ಮೇಲೆ ಬರಹದಿಂದ ಆಗುತ್ತಿರಲಿಲ್ಲ ಎಂದೇ ನನ್ನ ಲೆಕ್ಕ. ಆ ವರ್ಷ ಇಲ್ಲಿ ಬದುಕಿದವರಿಗೆ ಆ ಚಿತ್ರ ಕಂಡರೆ ರಾತ್ರಿ ನಿದ್ದೆ ಬರುವುದಿಲ್ಲ. ಅಲ್ಲಿಂದಾಚೆ ಬೇಕಿದ್ದದ್ದು ಇಬ್ಬರಿಗೂ ಒಂದೊಂದು ಫೋನ್ ಕರೆ, ಇಲ್ಲವೇ ಕೊಡೆ ಹಿಡಿದು ಅವರ ಮನೆಯ ಬಾಗಿಲಿಗೆ ಹೋಗುವುದು.