ಪೇಟದ ಕೆಂಪು ಹೋಯಿತು, ಅಂಚಿನ ಕೆಂಪೂ ಹೋಯಿತು: ಬಣ್ಣ ಬದಲಿಸುವುದರಲ್ಲಿ ನನ್ನ ಅನುಭವ

ಚಪ್ಪಟೆ ಬಣ್ಣದ ಕಾರ್ಟೂನ್‌ನಲ್ಲಿ ಒಂದೇ ಒಂದು ಬಣ್ಣ ಬದಲಿಸಿಕೊಡಿ ಅಂತ ಗಿರಾಕಿ ಕೇಳಿದರೆ, ಅಂಚಿನಲ್ಲಿ ಹಳೇ ಬಣ್ಣದ ಎಳೆ ಉಳಿಯದ ಹಾಗೆ ಮಾಡಲು ಆಗುವುದೇ ಇಲ್ಲ ಅಂತ ನಮ್ಮ ಕೋಲಾರದ ಡಿಟಿಪಿ ಗೆಳೆಯರು ಬಹಳ ಜನ ಹೇಳುತ್ತಿದ್ದರು. ಆಗುತ್ತದೆ. ನಾನು ಮಾಡಿದ್ದೇನೆ, ಪ್ರಿಂಟ್ ಆಗಿ ಟೊಮೆಟೊ ಬಾಕ್ಸ್ ಮೇಲೆ ಅಂಟಿಯೂ ಆಗಿದೆ.

ಕೆಲಸ ಇಷ್ಟು. ಟೊಮೆಟೊ ಮಂಡಿಯ ಒಬ್ಬರು ಸಾಹುಕಾರರ ಸ್ಟಿಕ್ಕರ್‌ನಲ್ಲಿ ಕೆಂಪು ಪೇಟದ ರೈತನ ಚಿತ್ರ ಇದೆ, ಕೈಯಲ್ಲಿ ಒಂದು ಟೊಮೆಟೊ. ಮಾಲಿನ ದರ್ಜೆಗೆ ತಕ್ಕಂತೆ ಪೇಟ ಹಸಿರು, ನೀಲಿ, ಹಳದಿ, ಕೇಸರಿ ಆಗಬೇಕು. ಟೊಮೆಟೊ ಮಾತ್ರ ಕೆಂಪಾಗಿಯೇ ಇರಬೇಕು. ಮೂಲ ಫೈಲ್ ಯಾರ ಹತ್ತಿರವೂ ಇಲ್ಲ. ಇದ್ದದ್ದು ಸುಮಾರು 1,500 ಪಿಕ್ಸೆಲ್ ಅಗಲದ ಒಂದು ಪಿಎನ್‌ಜಿ. ಹೊಸದಾಗಿ ಬರೆಸಲು ಬೆಂಗಳೂರಿನಲ್ಲಿ ಆರು ಸಾವಿರದ ಹತ್ತಿರ ಕೇಳಿದ್ದರಂತೆ. ನಾನು ಒಂದೂವರೆ ಸಾವಿರಕ್ಕೆ ಒಪ್ಪಿಕೊಂಡೆ. ಪಕ್ಕದ ಅಂಗಡಿಯ ಅಣ್ಣ, "ಸುಮ್ನೆ ಒದ್ದಾಡಬೇಡ ಕಣಪ್ಪ, ಪೆನ್ ಟೂಲ್ ಹಿಡಿದು ಮತ್ತೆ ಬರೆದುಬಿಡು" ಅಂದರು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಗಿಂಪ್‌ನಲ್ಲಿ Select by Color, Threshold 15, ಕೆಂಪಿನ ಮೇಲೆ ಕ್ಲಿಕ್, ಹಸಿರು ತುಂಬು. ಪೇಟದ ಸುತ್ತ, ಕಪ್ಪು ಗೆರೆಗೆ ತಾಗಿಕೊಂಡು, ಗಾಢ ಕೆಂಪಿನ ಮೆಟ್ಟಿಲು ಮೆಟ್ಟಿಲಾದ ಎಳೆ ಉಳಿಯಿತು. Threshold ಅನ್ನು 70ರ ಆಸುಪಾಸಿಗೆ ಏರಿಸಿದೆ. ಎಳೆ ಸಣ್ಣದಾಯಿತು, ಆದರೆ ಗೆರೆಯ ಅಂಚೂ ಕಚ್ಚಿಹೋಗಿ ಹಲ್ಲು ಹಲ್ಲಾಯಿತು. Feather ಹಾಕಿದರೆ ಮೂಲೆಗಳೆಲ್ಲ ಮಸುಕು. ಹೀಗೆ ಪ್ರೂಫ್ ತೆಗೆದು ತೆಗೆದು ಮುನ್ನೂರು ನಾನೂರು ರೂಪಾಯಿಯ ಸ್ಟಿಕ್ಕರ್ ಶೀಟ್ ಹಾಳಾಯಿತು. ಸ್ಕ್ರೀನ್‌ನಲ್ಲಿ ಕಾಣದ ಎಳೆ ಪ್ರಿಂಟ್‌ನಲ್ಲಿ ಕಾಣುತ್ತದೆ, ಅದಕ್ಕೇ ಪ್ರೂಫ್ ಬಿಡುವ ಹಾಗಿಲ್ಲ.

ನಡುವೆ Hue-Saturation ಕೂಡ ನೋಡಿದೆ. ಕೆಂಪಿಂದ ಹಸಿರಿಗೆ ಅದು ನಿಜವಾಗಿಯೂ ಚೆನ್ನಾಗಿ ಬಂತು. ಗೆರೆಯ ಪಕ್ಕದ ಪಿಕ್ಸೆಲ್ ಅಂದರೆ ಕಪ್ಪು ಬೆರೆತ ಕೆಂಪು, ಅದೂ ಜೊತೆಗೇ ತಿರುಗಿ ಕಪ್ಪು ಬೆರೆತ ಹಸಿರಾಗುತ್ತದೆ. ಹಳದಿಗೆ ಬಂದಾಗ ಕೈಕೊಟ್ಟಿತು. ನಮ್ಮ ಕೆಂಪು ಗಾಢ, ಹಳದಿ ತಿಳಿ. ಬರೀ ತಿರುಗಿಸಿದರೆ ಮಂಕು ಸಾಸಿವೆ ಬಣ್ಣ, ತಿಳಿ ಮಾಡಲು ಹೋದರೆ ಅಂಚಿನ ಪಿಕ್ಸೆಲ್ಲೂ ಬೆಳ್ಳಗಾಗುತ್ತದೆ.

ಇಲ್ಲೇ ನನಗೆ ದಾರಿ ಹೊಳೆದದ್ದು. ಅಂಚಿನ ಪಿಕ್ಸೆಲ್‌ಗೆ ಹೊಸ ಬಣ್ಣ ಬಳಿಯುವುದಲ್ಲ, ಅದರೊಳಗೆ ಬೆರೆತ ಕೆಂಪನ್ನು ಮಾತ್ರ ತೆಗೆಯಬೇಕು. ಉಪ್ಪುನೀರು ಕಾಯಿಸಿ ನೀರನ್ನು ಹಾರಿಸಿದ ಹಾಗೆ, ಕೆಂಪು ಹೋಗಿ ಕಪ್ಪು ಮಾತ್ರ ಉಳಿಯಬೇಕು. ಆ ಕೆಲಸಕ್ಕೆ Color to Alpha ಇದೆ. ಬ್ಯಾಕ್‌ಗ್ರೌಂಡ್ ಬಿಳಿ ತೆಗೆಯಲು ಎಲ್ಲರೂ ಬಳಸುತ್ತಾರೆ, ಒಳಗಿನ ಬಣ್ಣಕ್ಕೆ ಬಳಸಿದವರನ್ನು ನಮ್ಮ ಕಡೆ ನಾನು ನೋಡಿರಲಿಲ್ಲ.

ನಾನು ಮಾಡಿದ್ದು ಹೀಗೆ. Select by Color, Threshold 15, ಆದರೆ Antialiasing ಮತ್ತು Feather ಎರಡೂ ಆಫ್. ಸೆಲೆಕ್ಷನ್ನೇ ಅರೆಬರೆ ಇದ್ದರೆ ಫಿಲ್ಟರ್ ಕೂಡ ಅಂಚಿನಲ್ಲಿ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಟೊಮೆಟೊ ಕೂಡ ಅದೇ ಕೆಂಪಾದ್ದರಿಂದ ಅದೂ ಸೆಲೆಕ್ಟ್ ಆಗುತ್ತದೆ. ಅದಕ್ಕೆ Free Select ತೆಗೆದುಕೊಂಡು Shift+Ctrl ಒತ್ತಿ ಪೇಟದ ಸುತ್ತ ಒರಟಾಗಿ ಒಂದು ಸುತ್ತು ಎಳೆದೆ, ಪೇಟ ಮಾತ್ರ ಉಳಿಯಿತು. ಆಮೇಲೆ Grow, 2 ಪಿಕ್ಸೆಲ್. ಈಗ ಅಂಚಿನ ಬೆರಕೆ ಪಿಕ್ಸೆಲ್‌ಗಳೆಲ್ಲ ಒಳಗೆ ಬಂದವು. ಈ ಸೆಲೆಕ್ಷನ್ ಅನ್ನು Save to Channel ಮಾಡಿಟ್ಟುಕೊಳ್ಳಿ, ಆಮೇಲೆ ಬೇಕು. ನಂತರ Color to Alpha, ಬಣ್ಣ ಪೇಟದ ಅದೇ ಕೆಂಪು.

ಹಾಗೇ ಓಕೆ ಕೊಟ್ಟರೆ ಸಾಲದು. ನಮ್ಮ ಕೆಂಪು 204, 32, 38. ಔಟ್‌ಲೈನ್ ಪೂರ್ತಿ ಕಪ್ಪಲ್ಲ, 26, 26, 26. ಪೂರ್ತಿ ಕಪ್ಪಲ್ಲದ ಗೆರೆ Color to Alphaದಲ್ಲಿ ಸ್ವಲ್ಪ ಪಾರದರ್ಶಕ ಆಗಿಬಿಡುತ್ತದೆ, ಕೆಳಗಿನ ಹಸಿರು ಅದರಲ್ಲಿ ಇಣುಕುತ್ತದೆ. ಅದಕ್ಕೆ ಮದ್ದು ಅಲ್ಲೇ ಇರುವ Opacity threshold. ಗಿಂಪ್ 2.10ರಲ್ಲಿ ಇದೆ. ಎರಡು ಬಣ್ಣಗಳ ನಡುವೆ ಯಾವ ಚಾನೆಲ್‌ನಲ್ಲಿ ವ್ಯತ್ಯಾಸ ಜಾಸ್ತಿಯೋ ಅದನ್ನು 255ರಿಂದ ಭಾಗಿಸಿ. ಇಲ್ಲಿ ಕೆಂಪು ಚಾನೆಲ್, 204ರಲ್ಲಿ 26 ಕಳೆದರೆ 178, ಭಾಗಿಸಿದರೆ 0.70. ಅಷ್ಟಕ್ಕೆ ಇಟ್ಟರೆ ಗೆರೆ ಗಟ್ಟಿ, ಅಂಚು ನಯ.

ಇನ್ನೊಂದು ಕಾಟ ಹಣೆಯ ಹತ್ತಿರ. ಅಲ್ಲಿ ಗೆರೆಯೇ ಇಲ್ಲ, ಪೇಟದ ಕೆಂಪು ನೇರ ಮೈಬಣ್ಣಕ್ಕೆ ತಾಗಿದೆ. ಮೈಬಣ್ಣ 214, 150, 100. ಜಾಸ್ತಿ ವ್ಯತ್ಯಾಸ ಹಸಿರು ಚಾನೆಲ್‌ನಲ್ಲಿ, 118, ಅಂದರೆ 0.46. ಅಲ್ಲೂ 0.70 ಇಟ್ಟರೆ ಹಣೆಗೆ ಹಸಿರು ಹತ್ತುತ್ತದೆ. ಎಲ್ಲ ಕಡೆ 0.46 ಇಟ್ಟರೆ ಗೆರೆಯ ಪಕ್ಕ ಗಾಢ ಕೆಂಪು ಉಳಿಯುತ್ತದೆ. ಹಾಗಾಗಿ ಸೆಲೆಕ್ಷನ್ ಅನ್ನು ಎರಡು ಮಾಡಿ, ಹಣೆಯ ಪಟ್ಟಿಗೆ ಒಂದು ಸಲ, ಉಳಿದ ಪೇಟಕ್ಕೆ ಒಂದು ಸಲ ಫಿಲ್ಟರ್ ಓಡಿಸಿದೆ. ಗೆರೆ, ಹಣೆ, ಪೇಟ ಮೂರೂ ಸೇರುವ ಮೂಲೆಯಲ್ಲಿ ಮೂರು ನಾಲ್ಕು ಪಿಕ್ಸೆಲ್ ತಪ್ಪು ಬರುತ್ತವೆ, ಅವನ್ನು ಪೆನ್ಸಿಲ್ ಟೂಲ್‌ನಲ್ಲಿ ಕೈಯಿಂದಲೇ ಸರಿಮಾಡಬೇಕು.

ಆಮೇಲೆ ಕೆಳಗೊಂದು ಹೊಸ ಲೇಯರ್, ಇಟ್ಟುಕೊಂಡ ಚಾನೆಲ್‌ನಿಂದ ಸೆಲೆಕ್ಷನ್ ವಾಪಸ್ ತಂದು ಹಸಿರು ತುಂಬು. ಮುಗಿಯಿತು. ನೀಲಿ ಬೇಕಾದರೆ ಕೆಳಗಿನ ಲೇಯರ್ ಬಣ್ಣ ಬದಲಿಸಿದರೆ ಸಾಕು, ಮೇಲಿನದು ಮುಟ್ಟುವುದೇ ಬೇಡ. ಮೊದಲ ಪೇಟಕ್ಕೆ ಮುಕ್ಕಾಲು ಗಂಟೆ ಹಿಡಿದಿರಬಹುದು, ಮಿಕ್ಕ ಮೂರು ಚಹಾ ಬರುವಷ್ಟರಲ್ಲಿ ಆದವು. ಹಳದಿಯೂ ಹಳದಿಯಾಗಿಯೇ ಬಂತು. ಪೇಟದ ಮಡಿಕೆಯ ಸಣ್ಣ ಗೆರೆಗಳು, ಎರಡು ಪಿಕ್ಸೆಲ್ ದಪ್ಪದವು, ಒಂದೂ ಹರಿಯದೆ ಉಳಿದವು. ಪೆನ್ ಟೂಲ್‌ನಲ್ಲಿ ಇವನ್ನು ಇಷ್ಟು ಚೆನ್ನಾಗಿ ಬರೆಯುವವರು ಕಡಿಮೆ.

ಒಂದು ವಿಷಯ ಹುಡುಕಲು ಮಾತ್ರ ಬಹಳ ಹೊತ್ತಾಯಿತು. ಎಲ್ಲ ಸರಿ ಇದ್ದರೂ ಪೇಟದ ಗೆರೆ ಮೊದಲಿಗಿಂತ ಸ್ವಲ್ಪ ತೆಳ್ಳಗೆ ಕಂಡಿತು. 2.10ರಲ್ಲಿ ಲೇಯರ್‌ಗಳನ್ನು ಲೀನಿಯರ್ ಲೆಕ್ಕದಲ್ಲಿ ಬೆರೆಸುತ್ತದೆ, ಅರ್ಧ ಪಾರದರ್ಶಕ ಕಪ್ಪು ಆಗ ತಿಳಿಯಾಗುತ್ತದೆ. ಗೆರೆ ಇರುವ ಮೇಲಿನ ಲೇಯರ್ ಮೇಲೆ ರೈಟ್ ಕ್ಲಿಕ್, Composite Space, RGB (perceptual). ಗೆರೆ ಮೊದಲಿನ ದಪ್ಪಕ್ಕೆ ಬಂತು.

ಸರಿಯಾಗಿದೆಯೋ ಇಲ್ಲವೋ ನೋಡಲು ಕೆಳಗಿನ ಲೇಯರ್‌ಗೆ ಕಣ್ಣು ಕುಕ್ಕುವ ಮಜೆಂಟಾ ತುಂಬಿ 800% ಜೂಮ್ ಮಾಡಿ. ಕೆಂಪು ಎಳೆ ಎಲ್ಲೇ ಉಳಿದಿದ್ದರೂ ಬೇರೆಯಾಗಿ ಕಾಣುತ್ತದೆ, ಹಣೆಗೆ ಬಣ್ಣ ಹತ್ತಿದ್ದರೂ ಕಾಣುತ್ತದೆ. ಔಟ್‌ಲೈನ್ ಮೂರು ಪಿಕ್ಸೆಲ್‌ಗಿಂತ ತೆಳ್ಳಗಿದ್ದರೆ Grow 1ಕ್ಕೆ ಇಳಿಸಿ, ಇಲ್ಲದಿದ್ದರೆ ಬಣ್ಣ ಗೆರೆ ದಾಟಿ ಆಚೆ ಇಣುಕುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರ ಇದಕ್ಕೆ ಬರುವುದಿಲ್ಲ ಅಂತಲ್ಲ, ಆದರೆ ಅದು ಜೆಪೆಗ್ ಆಗಿರುತ್ತದೆ, ಗೆರೆಯ ಸುತ್ತ ಕಸ ತುಂಬಿರುತ್ತದೆ. Transparency threshold ಅನ್ನು 0.04ರಷ್ಟು ಏರಿಸಿದರೆ ಒಳಗಿನ ಕಸ ಹೋಗುತ್ತದೆ, ಗೆರೆಗೆ ಅಂಟಿದ್ದು ಪೂರ್ತಿ ಹೋಗುವುದಿಲ್ಲ. ಗಿರಾಕಿಗೆ "ಡಾಕ್ಯುಮೆಂಟ್ ಆಗಿ ಕಳಿಸಣ್ಣ" ಅಂತ ಮೊದಲೇ ಹೇಳುತ್ತೇನೆ. ಶೇಡ್ ಇರುವ ಪೇಟಕ್ಕೆ ಇದನ್ನೇ ಹೇಗೆ ಹೊಂದಿಸುತ್ತೇನೆ, ಪ್ರಿಂಟ್‌ನಲ್ಲಿ ಹಸಿರು ಮಂಕಾಗದ ಹಾಗೆ ಯಾವ ಬೆರಕೆ ಹಾಕುತ್ತೇನೆ ಅನ್ನುವುದು ನನ್ನ ಅಂಗಡಿಯ ಗುಟ್ಟು, ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ಒಂದು ಬಣ್ಣಕ್ಕೆ ನಾನ್ನೂರು ತೆಗೆದುಕೊಳ್ಳುತ್ತೇನೆ, ಪಕ್ಕದ ಅಂಗಡಿಯ ಅಣ್ಣ ಕೂಡ ತಮಗೆ ಬಂದ ಇಂಥ ಕೆಲಸಗಳನ್ನು ನನ್ನ ಹತ್ತಿರವೇ ಕಳಿಸುತ್ತಾರೆ.